ಜಮಾದಾರ, ಎನ್. ಕೆ.

ಅಫಜಲಪುರದ ಆ ಕಾಲೇಜಿನಲ್ಲಿ ನಸ್ರೀನ ಇನಾಂದಾರ ಅವರಿಗೆ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ‘ಅಡ್ಡಹೆಸರು ಮೇಡಂ’. ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಉಳಿದವರು ಪ್ರಾಜೆಕ್ಟ್ ವರದಿಯ ರಟ್ಟು ನೋಡಿ ಸಹಿ ಹಾಕುತ್ತಿದ್ದರೆ, ಈಕೆ ಕೊನೆಯ ಹಾಳೆಯಿಂದ ಓದಲು ಶುರು ಮಾಡುವವಳು. ಅಲ್ಲಿ ರೆಫರೆನ್ಸ್ ಪಟ್ಟಿ ಇರುತ್ತದೆ, ಹುಡುಗರ ಬಂಡವಾಳವೆಲ್ಲ ಅಲ್ಲೇ ಬಯಲಾಗುತ್ತದೆ.

ಪಟ್ಟಿಯನ್ನು ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಅಕ್ಷರದ ಪ್ರಕಾರ ಜೋಡಿಸಬೇಕೆಂದು ಎಷ್ಟು ಸಲ ಹೇಳಿದರೂ, ‘ಎ. ಬಿ. ಕಲಶೆಟ್ಟಿ’ ಎಂದಿದ್ದರೆ ಹುಡುಗರು ಒಯ್ದು ಎ ಅಕ್ಷರಕ್ಕೇ ಕೂರಿಸುತ್ತಿದ್ದರು. ಫಕ್ರುನ್ನಿಸಾ ಬೇಗಂ ಎಂಬವರ ಲೇಖನ ‘ಬೇಗಂ, ಎಫ್.’ ಆಗಿ ಬರುತ್ತಿತ್ತು. ಬೇಗಂ ಅನ್ನುವುದು ಮರ್ಯಾದೆಯ ಮಾತಪ್ಪಾ, ಮನೆತನವಲ್ಲ, ಹಾಗಾದರೆ ನಮ್ಮ ಕಡೆಯ ಅರ್ಧ ಹೆಣ್ಣುಮಕ್ಕಳು ಒಂದೇ ಮನೆಯವರಾದಾರು ಎಂದು ಆಕೆ ನಗಿಸುತ್ತಿದ್ದಳು. ಅಡ್ಡಹೆಸರೇ ಇಲ್ಲದವರನ್ನು ಇದ್ದ ಹೆಸರಿನಿಂದಲೇ ಹಚ್ಚಬೇಕು.

ಒಬ್ಬರದೇ ಹಲವು ಬರಹಗಳಿದ್ದರೆ ಹಳೆಯದು ಮೊದಲು, ಹೊಸದು ಆಮೇಲೆ. ಒಂದೇ ವರ್ಷದಲ್ಲಿ ಎರಡಿದ್ದರೆ ಶೀರ್ಷಿಕೆಯ ಅಕ್ಷರ ನೋಡಿ, ವರ್ಷದ ಪಕ್ಕಕ್ಕೆ ಅ, ಆ ಎಂದು ಗುರುತು ಹಾಕಬೇಕು, ವರದಿಯ ಒಳಗೂ ಅದೇ ಗುರುತು ಬರಬೇಕು. ಒಬ್ಬರೇ ಬರೆದದ್ದೆಲ್ಲ ಮುಗಿದ ಮೇಲೆ, ಅವರು ಇನ್ನೊಬ್ಬರ ಜೊತೆ ಸೇರಿ ಬರೆದದ್ದು. ಪುಸ್ತಕದ ಮೇಲೆ ಯಾರ ಹೆಸರು ಮೊದಲಿದೆಯೋ ಪಟ್ಟಿಯಲ್ಲೂ ಅವರೇ ಮೊದಲು, ಹಿಂದೆಮುಂದೆ ಮಾಡುವ ಹಕ್ಕು ಯಾರಿಗೂ ಇಲ್ಲ. ಹೆಸರು ಆಮೇಲೆ ಬದಲಾದರೂ ಅಚ್ಚಾದ ಹೆಸರೇ ಖಾಯಂ. ಈ ಕೊನೆಯ ಮಾತು ಹೇಳುವಾಗ ಮಾತ್ರ ಆಕೆಯ ದನಿ ಸ್ವಲ್ಪ ಇಳಿಯುತ್ತಿತ್ತು. ಯಾಕೆಂದು ಹುಡುಗರು ಯಾಕೆ ಕೇಳುತ್ತಾರೆ?

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ಕರೀಮಸಾಬ ಜಮಾದಾರರ ಮಗಳು ಆಕೆ. ಎಂ.ಎ. ಮುಗಿಸಿದ ಹೊಸದರಲ್ಲಿ ಸೊನ್ನದ ಬ್ಯಾರೇಜಿನ ಹಿನ್ನೀರಿನ ಊರುಗಳನ್ನು ಬಿಸಿಲಲ್ಲಿ ತಿರುಗಿ, ಹೊಲ ನೀರಿಗೆ ಹೋದ ಮನೆಗಳ ಹೆಂಗಸರ ಜೊತೆ ಕೂತು ಮಾತು ಬರೆದುಕೊಂಡಿದ್ದಳು. ಈ ಕಾಲೇಜಿನ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಅಣ್ಣಾರಾಯ ಕಲಶೆಟ್ಟಿ ಸರ್ ಅದನ್ನು ತಿದ್ದಿ, ಮುನ್ನುಡಿ ಸೇರಿಸಿ, ಪುಸ್ತಕ ಮಾಡಿಸಿದರು. ಆಗ ಅವರೇ ದೊಡ್ಡ ಮನಸ್ಸಿನಿಂದ, ದುಡಿದವಳು ನೀನು, ನಿನ್ನ ಹೆಸರೇ ಮೊದಲಿರಲಿ ಎಂದಿದ್ದರು. ರಟ್ಟಿನ ಮೇಲೆ ‘ಎನ್. ಕೆ. ಜಮಾದಾರ, ಎ. ಬಿ. ಕಲಶೆಟ್ಟಿ, 2017’ ಎಂದು ಅಚ್ಚಾಯಿತು. ಮರುವರ್ಷ ಅಫಜಲಪುರದ ಫಯಾಜ ಇನಾಂದಾರನ ಜೊತೆ ಲಗ್ನವಾಯಿತು. ಆಧಾರ್ ಬದಲಾಯಿತು, ಬ್ಯಾಂಕಿನ ಪಾಸ್‌ಬುಕ್ ಬದಲಾಯಿತು, ತಂದೆಯ ಕೆ. ಹೋಗಿ ಗಂಡನ ಎಫ್. ಬಂತು. ಫಯಾಜ ಕೆಟ್ಟವನಲ್ಲ. ಹಳೆಯ ಹೆಸರು ಇಟ್ಟುಕೊಳ್ಳಲೇ ಎಂದು ಒಮ್ಮೆ ಕೇಳಿದ್ದಕ್ಕೆ, ನನ್ನ ಹೆಸರಿಗೇನು ಕೊರತೆ ಎಂದು ನಕ್ಕಿದ್ದ, ಅಷ್ಟೇ. ಮಾತು ಅಲ್ಲಿಗೆ ಮುಗಿದಿತ್ತು.

ಆಮೇಲೆ ಯಾವನೋ ಒಬ್ಬ ವಿದ್ಯಾರ್ಥಿ, ಮುಖ್ಯಸ್ಥರ ಪುಸ್ತಕಗಳೆಲ್ಲ ಒಂದೇ ಕಡೆ ಇದ್ದರೆ ಮರ್ಯಾದೆ ಎಂದುಕೊಂಡು, ಇದನ್ನೂ ‘ಕಲಶೆಟ್ಟಿ ಮತ್ತು ಜಮಾದಾರ’ ಎಂದು ತಿರುಗಿಸಿ ಕ ಅಕ್ಷರಕ್ಕೆ ಸೇರಿಸಿದ. ಅವನದನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನದನ್ನು ನೋಡಿ ಮತ್ತೊಬ್ಬಳು. ಕುರಿಗಳಿಗೆ ದಾರಿ ತೋರಿಸಲು ಒಂದು ಕುರಿ ಸಾಕಲ್ಲ! ಸರ್‌ಗೂ ಅದು ರೂಢಿಯಾಯಿತು, ಬರಬರುತ್ತ ರುಚಿಯೂ ಹತ್ತಿತು. ನಸ್ರೀನ ಪ್ರತಿ ವರ್ಷ ನೋಡುತ್ತಿದ್ದಳು. ಉಳಿದ ತಪ್ಪಿಗೆಲ್ಲ ಕೆಂಪು ಶಾಯಿ ಹಾಕಿ, ಆ ಸಾಲಿನ ಮೇಲಿಂದ ಪೆನ್ನನ್ನು ಸುಮ್ಮನೆ ದಾಟಿಸುತ್ತಿದ್ದಳು.

ಈ ವರ್ಷ ಮಧುಮತಿ ಬಂದಳು. ಸೊನ್ನದ ಹತ್ತಿರದ ಹುಡುಗಿ, ಹಿನ್ನೀರಿನ ಊರಿನ ಹೆಂಗಸರ ಕೂಲಿಯ ಬಗ್ಗೆ ವರದಿ. ಯಾರದೋ ಹಳೆಯ ಪಟ್ಟಿ ನಕಲು ಮಾಡದೆ, ಲೈಬ್ರರಿಗೆ ಹೋಗಿ ಒಂದೊಂದೇ ಪುಸ್ತಕ ತೆಗೆದು ರಟ್ಟು ನೋಡಿ ಬರೆದಿದ್ದಳು. ‘ಇನಾಂದಾರ, ಎನ್. ಎಫ್.’ ಅವರ ಎರಡು ಲೇಖನಗಳು 2022ಅ, 2022ಆ ಎಂದು ಮೇಲೆ. ಆಮೇಲೆ ಕಲಶೆಟ್ಟಿ ಸರ್ ಅವರ ಮೂರು ಪುಸ್ತಕ. ಅದರ ಕೆಳಗೆ, ಜ ಅಕ್ಷರದಲ್ಲಿ, ‘ಜಮಾದಾರ, ಎನ್. ಕೆ., ಮತ್ತು ಕಲಶೆಟ್ಟಿ, ಎ. ಬಿ. (2017)’. ಅದನ್ನು ಕಂಡು ನಸ್ರೀನಳಿಗೆ ಎಷ್ಟು ಸಂತೋಷವಾಯಿತೆಂದರೆ, ತವರಿನವರು ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಂತಂತಾಯಿತು. ಸಹಿಗೆಂದು ವರದಿಯನ್ನು ಸರ್ ಬಳಿ ಕಳಿಸಿದಳು.

ಅದು ಮಧ್ಯಾಹ್ನವೇ ವಾಪಸು ಬಂತು. ಜಮಾದಾರ ಇದ್ದ ಸಾಲಿಗೆ ಸುತ್ತು ಹಾಕಿ, ಅಲ್ಲಿಂದ ಕಲಶೆಟ್ಟಿಯ ಸಾಲುಗಳವರೆಗೆ ಬಾಣ ಎಳೆದಿದ್ದರು. ಮರುದಿನ ಜೇವರ್ಗಿಯಿಂದ ಪರೀಕ್ಷಕರು ಬರುವವರಿದ್ದರು. ನಸ್ರೀನ ಧೈರ್ಯ ಮಾಡಿ ಸರ್ ಕೋಣೆಗೆ ಹೋದಳು. ಹುಡುಗಿ ನಿಯಮದ ಪ್ರಕಾರವೇ ಮಾಡಿದ್ದಾಳೆ ಎಂದಳು. ಸರ್ ಸಿಟ್ಟಾಗಲಿಲ್ಲ, ಚಹಾ ತರಿಸಿದರು. ಸಿಟ್ಟಾಗಿದ್ದರೆ ಎದುರು ನಿಲ್ಲುವುದು ಹಗುರವಿತ್ತು.

“ನಿಯಮ ನನಗೂ ಗೊತ್ತದ ಮೇಡಂ,” ಎಂದರು. “ಆದ್ರ ಈ ಜಮಾದಾರ ಅಂಬಾಕಿ ಈಗ ಎಲ್ಲದಾಳ್ರಿ? ಹಾಜರಿ ಪುಸ್ತಕದಾಗ ಇಲ್ಲ, ಪಗಾರದ ಪಟ್ಟಿಯಾಗ ಇಲ್ಲ. ಇಲ್ಲದಾಕಿ ಸಲುವಾಗಿ ಇದ್ದಾಕಿ ಯಾಕ ತ್ರಾಸ ತಗೋತೀರಿ?”

ಆಮೇಲೆ ಮುಂದಿನ ವರ್ಷದ ಕ್ಲಾಸುಗಳ ಮಾತು ತೆಗೆದರು. ಅತಿಥಿ ಉಪನ್ಯಾಸಕರಿಗೆ ಯಾರಿಗೆಷ್ಟು ಕ್ಲಾಸು ಎಂದು ಬರೆದು ಕಳಿಸುವವರು ಅವರೇ. ನಿಮ್ಮ ಹೆಸರು ಬಿಡುವ ಮನಸ್ಸು ನನಗಿಲ್ಲ ಎಂದರು, ಅಕ್ಕರೆಯಿಂದಲೇ. ಅತ್ತ ದರಿ, ಇತ್ತ ಪುಲಿ. ಇನಾಂದಾರ ಉಳಿಯಬೇಕಾದರೆ ಜಮಾದಾರ ಹೋಗಬೇಕು, ಮತ್ತು ಇಬ್ಬರೂ ಕುಡಿಯುತ್ತಿದ್ದುದು ಒಂದೇ ಕಪ್ಪಿನ ಚಹಾ.

ಹೊರಗೆ ಬಂದು ಮಧುಮತಿಗೆ ಬದಲಾಯಿಸಲು ಹೇಳಿದಳು. ಹುಡುಗಿ ಕಣ್ಣರಳಿಸಿದಳು, ನೀವೇ ಕಲಿಸಿದ್ದಲ್ಲವೇ ಎಂದಳು. ನಸ್ರೀನ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಜೊತೆಗೆ ಕೂತಳು. ಹುಡುಗಿ ಆ ಸಾಲನ್ನು ಎತ್ತಿ, ವರ್ಷ ನೋಡಿ, ಸರ್ ಅವರ 2015 ಮತ್ತು 2019ರ ನಡುವೆ ತುರುಕಿದಳು.

“ಅಲ್ಲಲ್ಲ ಬೇ,” ಎಂದಳು ನಸ್ರೀನ, ಬೇಕಾದ್ದಕ್ಕಿಂತ ಜೋರಾಗಿ. “ಅವರೊಬ್ಬರೇ ಬರದದ್ದು ಎಲ್ಲಾ ಮೊದಲ. ಜೋಡಿಲೆ ಬರದದ್ದು ಅದರ ಕೆಳಗ.”

ಬುಡವೇ ಸುಳ್ಳಾದ ಮೇಲೂ ನಿಯಮ ಬಿಡಲು ಆಕೆಗೆ ಆಗಲಿಲ್ಲ. ನನಗೆ ಆಕೆಯ ಮೇಲೆ ಸಿಟ್ಟು ಬರುವುದೂ ಇಲ್ಲೇ, ಕರುಳು ಚುರ್ ಎನ್ನುವುದೂ ಇಲ್ಲೇ. ವರದಿಯ ಒಳಗೂ ಒಂದೊಂದೇ ಪುಟ ಸರಿಸಿ, ಜಮಾದಾರ ಮುಂದಿದ್ದ ಕಡೆಯಲ್ಲೆಲ್ಲ ಕಲಶೆಟ್ಟಿಯನ್ನು ಮುಂದಕ್ಕೆ ತಂದರು. ಒಂದು ಕಡೆ ಬಿಟ್ಟುಹೋಗಿತ್ತು, ಅದನ್ನೂ ನಸ್ರೀನಳೇ ಹುಡುಕಿಕೊಟ್ಟಳು.

ಹೊಸ ಹಾಳೆ ಪ್ರಿಂಟಾಗುವಾಗ ಮಧುಮತಿ ಕೇಳಿದಳು, “ಈ ಜಮಾದಾರ ಸರ್ ಯಾರ್ರಿ ಮೇಡಂ? ಮತ್ತೇನೂ ಬರದಿಲ್ಲೇನ್ರಿ ಅವರು?”

“ಸರ್ ಅಲ್ಲ, ಹೆಣ್ಮಗಳು. ಕಿಣ್ಣಿ ಸುಲ್ತಾನದಾಕಿ.”

“ಈಗ?”

“ಲಗ್ನ ಆತು.”

ಹುಡುಗಿ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. ಅಯ್ಯೋ, ಚಲೋ ಬರೀತಿದ್ದರು ಎಂದು, ಹಾಳೆ ಜೋಡಿಸಿ ಮೇಡಂ ಮುಂದೆ ಇಟ್ಟಳು. ಮಾರ್ಗದರ್ಶಕರ ಸಹಿ ಎಂದಿದ್ದ ಕಡೆ ನಸ್ರೀನ ‘ಎನ್. ಎಫ್. ಇನಾಂದಾರ’ ಎಂದು ಬರೆದು, ಕೆಳಗೆ ತಾರೀಖು ಹಾಕಿದಳು.