ಅಪ್ಪ ಹೇಳದೆ ಬಿಟ್ಟ ಅರ್ಥ

ಆ ದಿನಗಳಲ್ಲಿ ದಿಲ್ಲಿಯ ಪೀತಮ್‌ಪುರದ ನಮ್ಮ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ನಾನಾಗ ಐದನೇ ಕ್ಲಾಸು. ಅಪ್ಪ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಸೆಕ್ಷನ್ ಆಫೀಸರ್. ವಿವರಿಸುವುದೆಂದರೆ ಅವರಿಗೆ ಪ್ರಾಣ. ಮೆಟ್ರೋದಲ್ಲಿ ಯಾರಾದರೂ ಎಲ್ಲಿ ಇಳಿಯಬೇಕೆಂದು ಕೇಳಿದರೆ, ಆ ಲೈನನ್ನು ಅಲ್ಲಿಗೇ ಯಾಕೆ ಹಾಕಿದರು ಎನ್ನುವುದರಿಂದ ಶುರು ಮಾಡುತ್ತಿದ್ದರು. "ಅವರು ಇಳೀಬೇಕು, ಬಿಡಿ ಅಂದ್ರೆ," ಎಂದು ಅಮ್ಮ ತೋಳು ಜಗ್ಗಬೇಕಾಗುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮ ಕನ್ನಡ ಸಂಘದವರು ದಿಲ್ಲಿಯಲ್ಲಿ ಓದುವ ಮಕ್ಕಳಿಗಾಗಿ ಅಂತರ ಕಾಲೇಜು ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: 'ಊರು ಬಿಟ್ಟು ಬಂದವರು ಮಕ್ಕಳಿಗೆ ಊರಿನ ಭಾಷೆ ಕಲಿಸಲೇಬೇಕು.' ಅಂತಿಮ ಸುತ್ತಿನ ಚೀಟಿ ಎತ್ತಿದಾಗ ಅಕ್ಕ ಮಾಲಿನಿಯ ಕಾಲೇಜಿಗೆ ಪರ ಬಂತು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಹಸಿ ಬಟಾಣಿ ಸುಲಿಯುತ್ತಾ ಅಕ್ಕ ವಾರವಿಡೀ ಭಾಷಣ ಒಪ್ಪಿಸಿದಳು. ಸಿಪ್ಪೆಯ ಹಸಿರು ವಾಸನೆಯ ಜೊತೆಗೆ ಆ ಮಾತುಗಳೂ ನನಗೆ ಬಾಯಿಪಾಠವಾದವು.

"ಊರಿನ ಭಾಷೆ ಅಂದ್ರೆ ಅಮ್ಮ ಬಯ್ಯೋ ಭಾಷೆ. ಕನ್ನಡ ಆಗ್ಲಿ, ತುಳು ಆಗ್ಲಿ, ಕೊಂಕಣಿ ಆಗ್ಲಿ," ಎನ್ನುವುದು ಅವಳ ಆರಂಭ. "ವಿಷಯದ ಅರ್ಥ ಹೇಳೋ ಹಕ್ಕು ಪರ ತಂಡದ ಮೊದಲ್ನೇ ಸ್ಪೀಕರ್‌ದು ಕಣೋ. ನನ್ನ ವಾದ ಪೂರ್ತಿ ಅದರ ಮೇಲೇ ನಿಂತಿದೆ. ಎಲ್ಲಾದ್ರೂ ಬಾಯಿ ಬಿಟ್ಯೋ, ನೋಡು," ಎಂದು ನನ್ನನ್ನು ಎಚ್ಚರಿಸಿದ್ದಳು.

ನಾನು ಬಿಡಲಿಲ್ಲ. ಆದರೆ ಬಟಾಣಿ ಸುಲಿಯಲು ಅಪ್ಪನೂ ಕೂತಿರುತ್ತಿದ್ದರು.

ಸ್ಪರ್ಧೆಯ ದಿನ ಅಧ್ಯಕ್ಷತೆ ವಹಿಸಬೇಕಿದ್ದವರು ಮಂಜಿನಿಂದಾಗಿ ವಿಮಾನ ನಿಲ್ದಾಣದಲ್ಲೇ ಉಳಿದರು. ಸಂಘದ ಕಾರ್ಯದರ್ಶಿಯೆಂದು ಅಪ್ಪನನ್ನೇ ಪೀಠಕ್ಕೆ ಹತ್ತಿಸಿದರು. ಅದಕ್ಕೂ ಮೊದಲು ಅಪ್ಪ ವಿರೋಧ ತಂಡದ ಇಮ್ರಾನ್ ಮತ್ತು ಶ್ರೇಯಾ ಬಳಿ ಹೋಗಿ ಒಪ್ಪಿಗೆ ಕೇಳಿದ್ದನ್ನು ನಾನು ನೋಡಿದೆ. "ಪರ್ವಾಗಿಲ್ಲ ಅಂಕಲ್, ಮಾರ್ಕ್ಸ್ ಕೊಡೋದು ನೀವಲ್ವಲ್ಲ," ಎಂದ ಇಮ್ರಾನ್.

ಅಪ್ಪ ಮೈಕಿನ ಮುಂದೆ ನಿಂತಾಗ ಅಮ್ಮ ಕಣ್ಣು ಮುಚ್ಚಿಕೊಂಡರು. ಆದರೆ ಅಂದಿನ ಅಪ್ಪನೇ ಬೇರೆ. ವಿಷಯವನ್ನು ಕಾಗದ ನೋಡಿ, ಒಂದಕ್ಷರವೂ ಆಚೀಚೆಯಾಗದಂತೆ, ಎರಡು ಸಲ ಓದಿದರು. ಬಲಗಡೆಗೆ ಕೈ ತೋರಿಸಿ ಪರ ತಂಡ, ಕಾಲೇಜಿನ ಹೆಸರು, ಮೊದಲು ಮಾತಾಡುವವರು ಮಾಲಿನಿ, ಎರಡನೆಯವರು ಕಾವ್ಯಾ ಎಂದರು. ಎಡಗಡೆಗೆ ಕೈ ತೋರಿಸಿ ಅಷ್ಟೇ ಮಾತುಗಳಲ್ಲಿ ಇಮ್ರಾನ್ ಮತ್ತು ಶ್ರೇಯಾರನ್ನು ಪರಿಚಯಿಸಿದರು. ಯಾರಿಗೂ ಪ್ರತಿಭಾವಂತೆ, ಚತುರ ಎಂಬ ವಿಶೇಷಣವಿಲ್ಲ. "ಮಾಲಿನಿ ನನ್ನ ಮಗಳು. ಎದುರು ತಂಡದವರು ಒಪ್ಪಿದ್ದರಿಂದ ಇಲ್ಲಿ ನಿಂತಿದ್ದೇನೆ. ತೀರ್ಪು ಮುಂದೆ ಕುಳಿತಿರುವ ಮೂವರದು," ಎಂದರು. ಪರ, ವಿರೋಧ ಎಂದು ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ, ತಲಾ ಏಳು ನಿಮಿಷ. ಆರನೇ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸುತ್ತಾರೆ, ಏಳಕ್ಕೆ ಎರಡು ಸಲ. ಕೊನೆಗೆ ಪರ ತಂಡದ ಮೊದಲಿಗರಿಗೆ ಉತ್ತರಿಸುವ ಅವಕಾಶ ಎಂದು ನಿಯಮ ಹೇಳಿದರು.

ಇನ್ನೇನು ಅಕ್ಕನನ್ನು ಕರೆಯಬೇಕು, ಅಷ್ಟರಲ್ಲಿ ನಡುಸಾಲಿನಿಂದ ಶೆಣೈ ಮಾಮ ಎದ್ದರು. ನಮ್ಮ ಬೀದಿಯವರೇ, ಮನೆಮಾತು ಕೊಂಕಣಿ.

"ಒಂದು ನಿಮಿಷ ಸಾರ್. ಊರಿನ ಭಾಷೆ ಅಂದ್ರೆ ಯಾವ್ದು? ಕನ್ನಡ ಒಂದೇನಾ, ನಮ್ಮಂಥವರ ಮನೆಮಾತೂ ಸೇರುತ್ತಾ? ಸ್ವಲ್ಪ ಬಿಡಿಸಿ ಹೇಳ್ಬಿಡಿ, ಕೇಳೋರಿಗೆ ಸುಲಭ."

ಅಕ್ಕನ ಮುಖ ಬಿಳಿಚಿಕೊಂಡಿತು. ಪೀಠದಿಂದ 'ಕನ್ನಡ' ಎಂದು ಬಂದರೆ ಅವಳ ವಾರದ ದುಡಿಮೆ ಅಲ್ಲಿಗೇ ಮುಗಿಯಿತು. 'ಎಲ್ಲವೂ' ಎಂದು ಬಂದರೆ, ಅಪ್ಪನೇ ಮಗಳ ವಾದ ಮಂಡಿಸಿದಂತೆ. ಅಪ್ಪನ ನಾಲಿಗೆಯ ತುದಿಯಲ್ಲಿ ಅವಳ ಮಾತುಗಳೇ ಇದ್ದವು ಎಂಬುದು ನನಗೆ ಗೊತ್ತಿತ್ತು. ನನಗೆ ಅಳು ಬರುವಂತಾಯಿತು.

ಅಪ್ಪ ಬಾಯಿ ತೆರೆದರು. ಮುಚ್ಚಿದರು. ಲೋಟದ ನೀರು ಕುಡಿದರು.

"ಒಳ್ಳೆ ಪ್ರಶ್ನೆ ಶೆಣೈಯವರೇ. ಆದ್ರೆ ಅದಕ್ಕೆ ಉತ್ತರ ಕೊಡೋ ಹಕ್ಕು ಪೀಠಕ್ಕಿಲ್ಲ. ಮೊದಲ ಭಾಷಣಕಾರರು ಹೇಳ್ತಾರೆ. ಅದು ಸರಿಯಲ್ಲ ಅನ್ಸಿದ್ರೆ ವಿರೋಧ ತಂಡ ಪ್ರಶ್ನೆ ಮಾಡುತ್ತೆ. ನಾವೆಲ್ಲ ಕೇಳೋಣ."

ಹಾಗೆಂದು ಅಕ್ಕನ ಹೆಸರು ಕರೆದು ಕೂತುಬಿಟ್ಟರು. ಅಕ್ಕ ಎದ್ದಳು. ಅಮ್ಮ ಬಯ್ಯುವ ಭಾಷೆ ಎಂದಾಗ ಸಭೆ ನಕ್ಕಿತು, ಶೆಣೈ ಮಾಮ ಎಲ್ಲರಿಗಿಂತ ಜೋರಾಗಿ. ಬಹುಮಾನ ಮಾತ್ರ ಇಮ್ರಾನ್ ತಂಡಕ್ಕೆ ಹೋಯಿತು. ಅಕ್ಕನಿಗೆ ಅದರ ಬೇಸರ ಹೆಚ್ಚು ಹೊತ್ತು ಉಳಿಯಲಿಲ್ಲ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಅಪ್ಪನ ಪಕ್ಕ ಕೂತು, "ಈಗ ಹೇಳಿ, ನಿಮ್ಮ ಪ್ರಕಾರ ಊರಿನ ಭಾಷೆ ಅಂದ್ರೆ ಏನು?" ಎಂದಳು. ನಾವು ಇಳಿಯುವ ಸ್ಟೇಷನ್ ಬಂದರೂ ಅಪ್ಪನ ಪೀಠಿಕೆ ಮುಗಿದಿರಲಿಲ್ಲ.

ಈಗ ಆ ಸ್ಪರ್ಧೆ ನಡೆಯುವುದಿಲ್ಲ, ಎರಡು ತಂಡಕ್ಕಾಗುವಷ್ಟು ಮಕ್ಕಳು ಸೇರುವುದಿಲ್ಲ. ಅಪ್ಪನೂ ಇಲ್ಲ. ಮೊನ್ನೆ ಮನೆಗೆ ಬಂದವರೊಬ್ಬರು ಅಕ್ಕನ ಮಗಳನ್ನು ಕನ್ನಡದಲ್ಲಿ ಏನೋ ಕೇಳಿದರು. ಮಗು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ, ಅಕ್ಕ, ನಾನು ಮೂವರೂ ಉತ್ತರ ಹೇಳಿಬಿಟ್ಟೆವು. ತಮಗೆ ಗೊತ್ತಿದ್ದರೂ ಇನ್ನೊಬ್ಬರು ಹೇಳಲಿ ಎಂದು ಕಾಯಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು.