ಜೆಟ್ಟಿಯ ಅರ್ಜಿಯಲ್ಲಿ ಅಪ್ಪನ ಸಾಲು

ಸ್ನಾನ ಮಾಡಿಸಿದ ಮೇಲೂ ಅಪ್ಪನ ಎಡಗಾಲಿನ ಹೆಬ್ಬೆರಳಿನ ಉಗುರಿನಲ್ಲಿ ಕರಿಮಣ್ಣು ಉಳಿದಿತ್ತು. ಅದು ಹೊಳೆಯ ದಂಡೆಯ ಮಣ್ಣು.

ನಮ್ಮೂರು ಅಥಣಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿದೆ. ಬೆಳಕು ಹರಿಯುವ ಮೊದಲೇ ತೆಪ್ಪಗಳು ಬಲೆ ಎತ್ತಿಕೊಂಡು ತಿರುಗಿ ಬರುತ್ತವೆ. ಮಿರಜಿನ ವ್ಯಾಪಾರಿಯ ಟೆಂಪೊ ದಂಡೆಯ ಮೇಲಿನ ರಸ್ತೆಯಲ್ಲಿ ನಿಂತಿರುತ್ತದೆ. ಬರ್ಫ, ಅಂದರೆ ಮಂಜುಗಡ್ಡೆ, ಇರುವುದು ಅದರಲ್ಲಿ ಮಾತ್ರ. ಅದು ಹೋದರೆ ಮೀನು ಮಧ್ಯಾಹ್ನಕ್ಕೆ ಮೆತ್ತಗಾಗುತ್ತದೆ. ಹಾಗಾಗಿ ಎಲ್ಲರೂ ಕತ್ತಲಲ್ಲೇ, ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಂಡೆಯ ಜಾರು ಏರು ಹತ್ತುತ್ತಾರೆ. ಅಪ್ಪ ಹಾಗೆ ಹತ್ತುವಾಗ ಜಾರಿದರು. ತಲೆ ಕಲ್ಲಿಗೆ ಬಡಿದು ನೀರಿಗೆ ಬಿದ್ದರು, ಮತ್ತೆ ಏಳಲಿಲ್ಲ. ಈಜು ಅವರಷ್ಟು ಬಲ್ಲವರು ಊರಲ್ಲಿ ಇರಲಿಲ್ಲ.

ಮರುವರ್ಷ ಮೀನುಗಾರರ ಸಹಕಾರ ಸಂಘದ ಅಧ್ಯಕ್ಷರು ಮನೆಗೆ ಬಂದರು. ಅಪ್ಪನ ಜೊತೆಗಾರ, ನನಗೆ ಕಾಕಾ.

'ನೀ ಸಾಲಿ ಕಲ್ತಾಕಿ, ಮೀನುಗಾರಿಕೆ ಸಾಹೇಬ್ರಿಗಿ ಒಂದು ಅರ್ಜಿ ಬರದು ಕೊಡವ್ವಾ. ಬರ್ಫದ ಪ್ಲಾಂಟ್ ಬೇಕು, ತೆಪ್ಪ ಹಚ್ಚಾಕ ಮೆಟ್ಲ ಇರೂ ಗಟ್ಟಿ ಜೆಟ್ಟಿ ಬೇಕು. ನಮ್ಮ ಸೆಕ್ರೆಟರಿ ಬರದ್ರ ಅರ್ಧಾ ಮರಾಠಿ ಇರ್ತೈತಿ, ಇನ್ನರ್ಧಾ ಅವಗೂ ತಿಳಿಯಂಗಿಲ್ಲ.'

ಅವ್ವ ಬಾಗಿಲಲ್ಲಿ ಕುಳಿತು ಬಲೆಯ ಹರಕು ಹೆಣೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: 'ನಿಮ್ಮಪ್ಪಂದೂ ಬರಿ. ಅಂವ ಹೋಗಿದ್ದಕ್ಕರ ಅಲ್ಲಿ ನಾಕ ಮೆಟ್ಲ ಆಗ್ಲಿ.'

ಬರೆದೆ. ಹೆಸರು ಹಾಕಲಿಲ್ಲ. 'ಸಂಘದ ಸದಸ್ಯರೊಬ್ಬರು ಮೀನು ಹೊತ್ತು ದಂಡೆ ಹತ್ತುವಾಗ ಕಾಲು ಜಾರಿ ನೀರಿಗೆ ಬಿದ್ದು ಮೃತಪಟ್ಟಿರುತ್ತಾರೆ.' ಆ ಒಂದು ಸಾಲಿಗೆ ಒಂದು ಸಂಜೆ ಹಿಡಿಯಿತು.

ಅಥಣಿಯ ಕಚೇರಿಗೆ ಕಾಕಾನ ಜೊತೆ ನಾನೂ ಹೋದೆ. ಸಾಹೇಬರು ಒಳ್ಳೆಯವರು. ನಮ್ಮನ್ನು ಕೂರಿಸಿ ಪೂರ್ತಿ ಓದಿದರು.

'ಬರ್ಫದ್ದು ನಾ ಮ್ಯಾಲೆ ಕಳಸ್ತೀನ್ರಿ. ಪ್ಲಾಂಟಿನ ಜಾಗದ ಉತಾರ, ಅಂದ್ರ ಪಹಣಿ, ಸಂಘದ ಠರಾವು ಹಚ್ಚರಿ. ಜೆಟ್ಟಿದು ಬ್ಯಾರೆ ಅರ್ಜಿ ಮಾಡ್ರಿ. ದಂಡಿ ನೀರಾವರಿಯವರದು, ಅವರ ಒಪ್ಪಿಗಿ ಬೇಕು.' ಆಮೇಲೆ ಅವರ ಪೆನ್ನು ಆ ಸಾಲಿನ ಮೇಲೆ ನಿಂತಿತು. 'ಇದು ಛಲೋ ಕಾರಣ ನೋಡ್ರಿ. ಇದರ ಎಫ್‌ಐಆರ್, ಪೋಸ್ಟ್‌ಮಾರ್ಟಮ್ ಕಾಪಿ ತಂದೀರೇನು?'

ಕಾಕಾ ನನ್ನ ಕಡೆ ನೋಡಲಿಲ್ಲ.

'ಮಾಡಿಸಿಲ್ರೀ. ಪೊಲೀಸ್ರಿಗಿ ತಿಳಿಸಿದ್ರ ಕೊಯ್ತಾರಂತ ಅಂಜಿ ಮಧ್ಯಾಹ್ನದಾಗs ಮಣ್ಣು ಮಾಡಿದ್ವಿ.'

'ಪಂಚಾಯ್ತಿಯಾಗ ಸಾವು ಏನಂತ ಬರಸೀರಿ?'

'ಸಹಜ ಅಂತ್ರಿ.'

ಸಾಹೇಬರು ಪೆನ್ನು ಕೆಳಗಿಟ್ಟರು. 'ಹಂಗಾದ್ರ ಈ ಸಾಲು ತಗೀರಿ. ಇಲ್ಲಂದ್ರ ನಾಳೆ ತ್ರಾಸ ನಿಮಗs ಬರ್ತೈತಿ. ಸತ್ತವರು ಇವರಿಗೆ ಏನಾಗಬೇಕ್ರಿ?' ಎಂದು ನನ್ನತ್ತ ಕೈ ತೋರಿಸಿ ಕಾಕಾನನ್ನು ಕೇಳಿದರು.

'ನಮ್ಮ ತಂದೆಯವರು' ಎಂದೆ ನಾನು.

ಅವರು ನೀರು ತರಿಸಿದರು.

ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಎರಡು ಅರ್ಜಿ ಹೊಸದಾಗಿ ಟೈಪ್ ಮಾಡಿಸಿದೆವು. ಬರ್ಫದ ಅರ್ಜಿಗೆ ಕಾರಣಗಳು ಬೇಕಾದಷ್ಟಿದ್ದವು: ಮೀನು ಕೆಡುತ್ತದೆ, ವ್ಯಾಪಾರಿ ಹೇಳಿದ್ದೇ ದರ. ಜೆಟ್ಟಿಯ ಅರ್ಜಿಯಲ್ಲಿ ಅಪ್ಪ ಇದ್ದ ಜಾಗ ಖಾಲಿಯಾಯಿತು. ಏನು ಹಾಕಲಿ ಎಂದು ಟೈಪ್ ಮಾಡುತ್ತಿದ್ದ ಹುಡುಗಿ ಬೆರಳು ತಡೆದು ಕೇಳಿದಳು. 'ಸದಸ್ಯರಿಗೆ ಅನುಕೂಲವಾಗುವಂತೆ' ಎಂದು ನಾನೇ ಹೇಳಿದೆ.

ಬಸ್ಸಿನಲ್ಲಿ ಕಾಕಾ ಒಂದೇ ಮಾತಾಡಿದರು. 'ಬರ್ಫ ಬಂದ್ರ ಬೆಳಕ ಹರಿಯೂತನಾ ಕಾದು ದಂಡಿ ಏರಬಹುದವ್ವಾ.' ನಾನು ಹೂಂ ಎಂದೆ. ಜಾಗದ ಉತಾರ ಇನ್ನೂ ಸಂಘದ ಹೆಸರಿಗೆ ಆಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು.

'ನಿಮ್ಮಪ್ಪಂದು ಓದಿದ್ರೇನು?'

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. 'ಓದಿದ್ರವ್ವಾ. ದವಾಖಾನಿ ಕಾಗದ ಇಲ್ದ ನಡಿಯಂಗಿಲ್ಲಂತ. ತಗಸಿದ್ರು.'

ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ನಾನೇ ಬಗ್ಗಿ ತಿರುವಿ ಹಾಕಿದೆ.

'ಕೊಯ್ಸಬ್ಯಾಡ್ರಿ ಅಂತ ನಾನs ಊರ ಹಿರ್ಯಾರ ಕಾಲ ಹಿಡದಿದ್ನಿ' ಎಂದಳು.

'ಎಲ್ಲಾರೂ ಹಂಗs ಅಂದ್ರವ್ವಾ.'

'ಮೊದಲ ನಾ ಅಂದ್ನಿ.'

ಆಕೆ ಮತ್ತೆ ಹಿಟ್ಟು ಕೈಗೆತ್ತಿಕೊಂಡಳು.

ಮರುದಿನ ನಸುಕಿನಲ್ಲಿ, ತೆಪ್ಪಗಳು ಬರುವ ಮೊದಲು, ಪಕ್ಕದ ಹೊಲದಲ್ಲಿ ಕಬ್ಬು ಕಡಿದು ಬಿಟ್ಟಿದ್ದ ರವದಿಯನ್ನು, ಕಬ್ಬಿನ ಒಣ ಗರಿಗಳನ್ನು, ಹೊರೆ ಕಟ್ಟಿ ದಂಡೆಗೆ ಹೊತ್ತು ತಂದೆ. ನೀರಿನ ಅಂಚಿನಿಂದ ರಸ್ತೆಯವರೆಗೆ ಜಾರುಮಣ್ಣಿನ ಮೇಲೆ ದಪ್ಪಗೆ ಹಾಸಿ, ಚಪ್ಪಲಿ ಬಿಚ್ಚಿ, ಅದರ ಮೇಲೆ ಒಂದು ಸಲ ಇಳಿದು ಹತ್ತಿ ನೋಡಿದೆ.