ಸಾಕ್ಷಿಯ ಸಹಿ ಇದ್ದ ನಕಲು

ನನ್ನನ್ನು ಮನೆಯಿಂದ ಎಬ್ಬಿಸುವ ಕಾಗದವನ್ನು ನಾನೇ ಹೋಗಿ ತರಬೇಕಾಯಿತು. ದಿಲ್ಲಿಯ ಪಕ್ಕದ ಇಂದಿರಾಪುರಂನ ಆ ಫ್ಲ್ಯಾಟು ಮಸ್ಕತ್ತಿನಲ್ಲಿದ್ದ ನನ್ನ ಮೈದುನನದು. ನಮ್ಮವರು ಕೇಂದ್ರ ಸರ್ಕಾರದ ಗುಮಾಸ್ತಿಕೆಯಿಂದ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟಾಗ, ಖಾಲಿ ಬಿದ್ದಿದೆ, ನೀವೇ ಇರಿ ಎಂದು ಅವನೇ ಬೀಗದ ಕೈ ಕೊಟ್ಟಿದ್ದ. ಬಾಡಿಗೆಯ ಮಾತೇ ಎತ್ತಿರಲಿಲ್ಲ. ನಮ್ಮವರು ತೀರಿಕೊಂಡ ಮರುವರ್ಷ ಅವನ ಫೋನು ಬಂತು.

"ಅತ್ತಿಗೆ, ಮನೆ ಮಾರೋಣ ಅಂತಿದೀನಿ. ಒರಿಜಿನಲ್ ಸೇಲ್ ಡೀಡು ಎಲ್ಲೋ ಕಳೆದುಹೋಗಿದೆ. ತಗೊಳ್ಳೋರ ಬ್ಯಾಂಕಿನವರು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತನ್ನಿ ಅಂತಾರೆ. ನನಗೆ ರಜೆ ಸಿಗ್ತಿಲ್ಲ. ನೀವೊಂದು ಸಲ ಹೋಗಿ ಬರ್ತೀರಾ?"

"ಮಾರಿದ ಮೇಲೆ ನಾನೆಲ್ಲಿಗೆ ಹೋಗಲಪ್ಪಾ?"

"ಊರಲ್ಲಿ ನಿಮ್ಮ ತಮ್ಮ ಇದ್ದಾರಲ್ಲ ಅತ್ತಿಗೆ."

ತಮ್ಮ ಇದ್ದ. ಅವನ ಮನೆಯಲ್ಲಿ ನನಗೊಂದು ಮೂಲೆಯೂ ಇತ್ತು. ದುಃಖವಾಯಿತು ಎಂದರೆ ಸುಳ್ಳಾದೀತು. ನನಗೆ ಏನೂ ಆಗಲಿಲ್ಲ. ಫೋನಿಟ್ಟು ಅನ್ನಕ್ಕಿಟ್ಟೆ. ನಮ್ಮವರು ಹೋದಾಗಿನಿಂದ ನಾನು ಹಾಗೇ ಇದ್ದೆ, ಬದುಕಿದ್ದೆ ಅಷ್ಟೇ.

ರಾಯಭಾರ ಕಚೇರಿಯ ಮೊಹರು ಹಾಕಿಸಿದ ಅಧಿಕಾರಪತ್ರವನ್ನೂ ಪಾಸ್‌ಪೋರ್ಟಿನ ಪ್ರತಿಯನ್ನೂ ಅವನು ಕೊರಿಯರ್‌ನಲ್ಲಿ ಕಳಿಸಿದ. ಅವನ್ನು ಹಿಡಿದು ಗಾಜಿಯಾಬಾದಿನ ಆಫೀಸಿಗೆ ಹೋದೆ. ಹೊರಗೆ ತಗಡಿನ ಚಪ್ಪರದಡಿ ವಕೀಲರು ಬೆಂಚು ಹಾಕಿಕೊಂಡು ಕೂತಿದ್ದರು. ಅವರಲ್ಲೊಬ್ಬ ಹಿಂದಿಯಲ್ಲಿ ಅರ್ಜಿ ಬರೆದುಕೊಟ್ಟ. ನೋಂದಣಿ ಸಂಖ್ಯೆ ಮೈದುನನಿಗೂ ನೆನಪಿರಲಿಲ್ಲ. ಹಾಗಾಗಿ ಕೊಂಡವರ ಹೆಸರು, ಮಾರಿದವರ ಹೆಸರು, ವರ್ಷ ಹೇಳಿ ಹುಡುಕಿಸಬೇಕು ಎಂದ. ವರ್ಷ ನನಗೆ ಗೊತ್ತಿತ್ತು. ಹುಡುಕುವುದಕ್ಕೆ ಶುಲ್ಕ ಕಟ್ಟಿ ರಸೀದಿ ತಗೊಂಡು ಮನೆಗೆ ಬಂದೆ.

ಮುಂದಿನ ವಾರ ಹೋದಾಗ ರೆಕಾರ್ಡ್ ರೂಮಿನ ಬಾಬು ತಲೆಯಾಡಿಸಿದ. "ಮಾತಾಜಿ, ಆ ವರ್ಷದ ಇಂಡೆಕ್ಸಿನಲ್ಲಿ ಈ ಹೆಸರೇ ಇಲ್ಲ. ಬೇಕಾದರೆ ಸಿಗಲಿಲ್ಲ ಅಂತ ಬರೆದು ಕೊಡ್ತೀನಿ."

ಅದನ್ನು ಬರೆಸಿಕೊಂಡು ಕಳಿಸಿದ್ದರೆ ಸಾಕಿತ್ತು. ಮೈದುನ ರಜೆ ಹಾಕಿ ಬರುವವರೆಗೆ ಮನೆ ನನ್ನದೇ. ಅಲ್ಲೇ ಗೋಡೆಗೆ ಒರಗಿ ಕೂತೆ. ಯೋಚಿಸಿದೆ ಎನ್ನುವಂತೆಯೂ ಇಲ್ಲ.

ಯಾಕೆ ಸಿಕ್ಕಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಕಡೆ ಹೆಸರಿನ ಮುಂದೆ ಇನಿಶಿಯಲ್ ಇರುತ್ತದೆ. ಆಗ ಮೈದುನನ ಸೇಲ್ ಡೀಡು ಬರೆದವನು ಅದನ್ನು ಬಿಡಿಸಿ ಹೇಳಿ ಎಂದು ಹಟ ಹಿಡಿದು, ಊರಿನ ಹೆಸರನ್ನೇ ಮೊದಲ ಹೆಸರಾಗಿ ಬರೆದಿದ್ದ. ಸಾಕ್ಷಿಗೆ ಹೋಗಿದ್ದ ನಮ್ಮವರು ಸಂಜೆ ಮನೆಗೆ ಬಂದು, "ನೋಡೇ, ನಮ್ಮ ತಮ್ಮನ ಮನೆಯನ್ನ ಇಡೀ ಊರೇ ಕೊಂಡುಕೊಂಡಿದೆ" ಎಂದು ಕಾಫಿ ಚೆಲ್ಲುವಷ್ಟು ನಕ್ಕಿದ್ದರು. ಮೈದುನನಿಗೆ ಅದು ನೆನಪಿರುವುದು ಸಾಧ್ಯವೇ ಇಲ್ಲ. ಅವನು ಕಾಗದ ಓದುವವನಲ್ಲ, ಸಹಿ ಹಾಕುವವನು.

ಬಾಬು 'ಸಿಗಲಿಲ್ಲ' ಎಂದು ಬರೆಯಲು ಪೆನ್ನು ತೆಗೆದ. ಆಗ ನನಗೆ ರೇಗಿತು. ಎಷ್ಟೋ ತಿಂಗಳ ಮೇಲೆ ಅದೊಂದೇ ನನಗೆ ಆದದ್ದು. ನಮ್ಮವರು ಇಲ್ಲಿಗೇ ಬಂದು, ಇಲ್ಲೇ ನಿಂತು ಸಹಿ ಹಾಕಿದ್ದಾರೆ. ಇವನು ಯಾರು ಇಲ್ಲ ಅನ್ನುವುದಕ್ಕೆ?

"ಇದೆ," ಎಂದೆ. "ಊರಿನ ಹೆಸರಿನಲ್ಲಿ ನೋಡಿ ಭಯ್ಯಾ." ಊರಿನ ಹೆಸರು ಹೇಳಿದೆ.

ಅವನು ಇಂಡೆಕ್ಸಿನ ಹಾಳೆ ತಿರುವಿ, ಬೆರಳಿಟ್ಟು ಕೆಳಗಿಳಿದು, "ಮಿಲ್ ಗಯಾ" ಎಂದ. ಸಿಕ್ಕಿತು. ಜಿಲ್ದಿನ, ಅಂದರೆ ರಿಜಿಸ್ಟರ್ ಸಂಪುಟದ ನಂಬರು, ಪುಟದ ನಂಬರು ಗುರುತು ಮಾಡಿಕೊಂಡ. ನಾನು ನಕಲಿನ ಶುಲ್ಕ ಕಟ್ಟಿದೆ.

ಕೆಲವು ದಿನ ಬಿಟ್ಟು ನಕಲು ಕೈಗೆ ಬಂತು. ಪುಟಪುಟಕ್ಕೂ ಮೊಹರು, ಕೊನೆಯಲ್ಲಿ ಸಬ್ ರಿಜಿಸ್ಟ್ರಾರ್ ಸಹಿ. ರಿಜಿಸ್ಟರಿನ ಹಾಳೆಯನ್ನೇ ಫೋಟೋಕಾಪಿ ಮಾಡಿದ್ದರಿಂದ ಎಲ್ಲ ಇದ್ದ ಹಾಗೆಯೇ ಇತ್ತು. ಸಾಕ್ಷಿಗಳ ಜಾಗದಲ್ಲಿ, ಹಿಂದಿ ಅಕ್ಷರಗಳ ಕೆಳಗೆ, ನಮ್ಮವರ ದುಂಡು ಕನ್ನಡ ಸಹಿ.

ಬಾಬು ಬಗ್ಗಿ ನೋಡಿದ. "ಇದ್ಯಾವ ಲಿಪಿ ಮಾತಾಜಿ?"

"ನಮ್ಮದು."

"ಅಚ್ಛಾ. ಇವರು ಯಾರು?"

"ನಮ್ಮ ಮನೆಯವರು."

"ಹಾಗಾದರೆ ಮನೆ ನಿಮ್ಮದೇ."

"ಅಲ್ಲ," ಎಂದೆ. "ಅವರು ಸಹಿ ಹಾಕೋಕೆ ಬಂದಿದ್ದರು, ನಾನು ತಗೊಂಡು ಹೋಗೋಕೆ ಬಂದಿದ್ದೀನಿ."

ಹೊರಗಿನ ಅಂಗಡಿಯಲ್ಲಿ ಸಹಿಯಿದ್ದ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡೆ. ನಕಲನ್ನು ಲಕೋಟೆಗೆ ಹಾಕಿ, ಅಂಟಿಸಿ, ಮಸ್ಕತ್ತಿನ ವಿಳಾಸ ಬರೆದು ಕೊರಿಯರ್‌ನವನಿಗೆ ಕೊಟ್ಟೆ. ಆ ಬೇಸಿಗೆಯಲ್ಲಿ ಮನೆ ಖಾಲಿ ಮಾಡಿದೆ. ಆಗಲೂ ಅಳು ಬರಲಿಲ್ಲ. ಜೆರಾಕ್ಸ್ ಮಾತ್ರ ಟ್ರಂಕಿನಲ್ಲಿ, ಸೀರೆಗಳ ಮೇಲೆ ಇತ್ತು.